ಅಂಕಿ ನಮ್ಮದು, ಹಾಗಾದರೆ ಅಲ್‌ಜೀಬ್ರಾ ಯಾರದ್ದು?

ಪ್ರಶ್ನೆ: "ಸೊನ್ನೆ, ದಶಮಾನ ಅಂಕಿ ಎಲ್ಲಾ ನಮ್ಮ ದೇಶದ್ದು, ಅರಬರು ಅದನ್ನು ಯುರೋಪಿಗೆ ಮುಟ್ಟಿಸಿದರು ಅಷ್ಟೇ ಅಂತ ಮಕ್ಕಳಿಗೆ ಹೇಳ್ತಾ ಬಂದಿದ್ದೀನಿ. ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, 'ಹಾಗಾದ್ರೆ ಅವರು ಏನೂ ಮಾಡ್ಲಿಲ್ವಾ ಮಿಸ್, ಅಲ್‌ಜೀಬ್ರಾ ಯಾರದ್ದು?' ಅಂತ ಕೇಳಿಬಿಟ್ಟಳು. ಏನು ಹೇಳಲಿ? ಮತ್ತೆ, ಅದು ವಾಪಸ್ ನಮ್ಮ ಕಡೆಗೂ ಬಂತಾ?"
— ಪ್ರೌಢಶಾಲೆಯ ಗಣಿತ ಶಿಕ್ಷಕಿ, ರಾಯಚೂರು ಜಿಲ್ಲೆ

ಉತ್ತರ:

ಮೇಡಂ, ನಿಮ್ಮ ವಾಕ್ಯದಲ್ಲಿ "ಮುಟ್ಟಿಸಿದರು" ಅನ್ನೋದು ಸರಿ, "ಅಷ್ಟೇ" ಅನ್ನೋದು ತಪ್ಪು. ಅಂಕಿಗಳು ಇಲ್ಲಿಂದ ಹೋದವು, ಅದರಲ್ಲಿ ಜಗಳವಿಲ್ಲ. ಅವರೇ ಅದನ್ನು "ಹಿಂದೂ ಲೆಕ್ಕ" ಎಂದು ಕರೆದು, ಪುಸ್ತಕಗಳ ಹೆಸರಿನಲ್ಲೇ ಹಾಕಿಕೊಂಡಿದ್ದಾರೆ. ಆದರೆ ಬಾಗ್ದಾದು, ಡಮಾಸ್ಕಸ್ ತಲುಪಿದ ಮೇಲೆ ಆ ಲೆಕ್ಕ ಮಾಡುವ ರೀತಿಯೇ ಬದಲಾಯಿತು. ಅಲ್‌ಜೀಬ್ರಾದ ಕಥೆ ಬೇರೆಯೇ. ಎರಡೂ ಊರೂರು ಸುತ್ತಿದ್ದು ಪಠ್ಯಪುಸ್ತಕಗಳ ಮೂಲಕ, ಅದೂ ಮಹಾಪಂಡಿತರಿಗಾಗಿ ಬರೆದ ಗ್ರಂಥಗಳಿಂದಲ್ಲ. ಗುಮಾಸ್ತರು, ವ್ಯಾಪಾರಿಗಳು, ಆಸ್ತಿ ಪಾಲು ಮಾಡುವವರು ಓದಲಿ ಅಂತ ಬರೆದ ಪುಸ್ತಕಗಳಿಂದ.

"ಅರಬರು" ಅನ್ನೋ ಮಾತನ್ನೂ ಸ್ವಲ್ಪ ಸಡಿಲ ಮಾಡಿಕೊಳ್ಳಿ. ಬರೆದದ್ದು ಅರಬ್ಬಿಯಲ್ಲಿ, ನಿಜ. ಬರೆದವರಲ್ಲಿ ಪರ್ಷಿಯಾದವರು, ಮಧ್ಯ ಏಷ್ಯಾದವರು, ಯಹೂದಿಗಳು, ಈಜಿಪ್ಟಿನವರು, ಮೊರಾಕ್ಕೊದವರು ಎಲ್ಲರೂ ಇದ್ದರು. ನಾವು ಮುಖ್ಯವಾಗಿ ಮಾತಾಡಬೇಕಾದ ಮುಹಮ್ಮದ್ ಇಬ್ನ್ ಮೂಸಾ ಅಲ್ ಖ್ವಾರಿಜ್ಮಿಯ ಹೆಸರಿನಲ್ಲಿರುವ ಖ್ವಾರಜ್ಮ್ ಕೂಡ ಅರಲ್ ಸಮುದ್ರದ ದಕ್ಷಿಣಕ್ಕಿರುವ ಸೀಮೆ. ಅವನು ಕೆಲಸ ಮಾಡಿದ್ದು ಬಾಗ್ದಾದಿನಲ್ಲಿ, 813ರಿಂದ 833ರವರೆಗೆ ಆಳಿದ ಖಲೀಫ ಅಲ್ ಮಾಮೂನನ ಕಾಲದಲ್ಲಿ. ಅವನ ಎರಡು ಪುಸ್ತಕ ನಮಗೆ ಬೇಕು: ಒಂದು ಹಿಂದೂ ಅಂಕಿಗಳ ಬಗ್ಗೆ, ಇನ್ನೊಂದು ಅಲ್‌ಜೀಬ್ರಾ ಬಗ್ಗೆ.

ಮೊದಲು ಅಂಕಿ. ಖ್ವಾರಿಜ್ಮಿಗೂ ಮೊದಲೇ ಇದರ ಸುದ್ದಿ ಆ ಕಡೆ ಹೋಗಿತ್ತು. 662ರಲ್ಲೇ ಸೆವೆರಸ್ ಸೆಬೊಖ್ತ್ ಎಂಬ ಸಿರಿಯಾದ ಪಾದ್ರಿ, ಭಾರತದವರು ಒಂಬತ್ತೇ ಒಂಬತ್ತು ಗುರುತುಗಳಲ್ಲಿ ಎಲ್ಲ ಲೆಕ್ಕ ಮಾಡುತ್ತಾರೆ ಅಂತ ಹೊಗಳಿ ಬರೆದಿದ್ದ. 770ರ ದಶಕದಲ್ಲಿ ಭಾರತದ ಖಗೋಳ ಗ್ರಂಥವೊಂದು ಬಾಗ್ದಾದಿನ ಆಸ್ಥಾನಕ್ಕೆ ಬಂತು. ಹಾಗಂತ ಮರುದಿನದಿಂದಲೇ ಎಲ್ಲರೂ ಹಿಂದೂ ಅಂಕಿ ಬಳಸಲಿಲ್ಲ. ಬಾಗ್ದಾದಿನಲ್ಲಿ ಮೂರು ಲೆಕ್ಕ ಒಟ್ಟಿಗೆ ನಡೀತಾ ಇದ್ದವು. ಕಚೇರಿಯ ಗುಮಾಸ್ತರದ್ದು ಬೆರಳೆಣಿಕೆ. ಲೆಕ್ಕವನ್ನು ಮನಸ್ಸಿನಲ್ಲಿ ಮಾಡಿ, ನಡುವಿನ ಮೊತ್ತವನ್ನು ಬೆರಳು ಮಡಚಿ ಹಿಡಿದಿಟ್ಟುಕೊಂಡು, ಉತ್ತರವನ್ನು ಅಕ್ಷರದಲ್ಲಿ ಬರೆಯೋದು. ಖಗೋಳದವರದ್ದು ಅರವತ್ತರ ಲೆಕ್ಕ. ಅದರಲ್ಲಿ ಅಂಕಿಯ ಬದಲು ಅರಬ್ಬಿ ಅಕ್ಷರಗಳು. ಮೂರನೆಯದು ಹಿಂದೂ ಲೆಕ್ಕ. ಖ್ವಾರಿಜ್ಮಿ ಬರೆದು ನೂರಕ್ಕಿಂತ ಜಾಸ್ತಿ ವರ್ಷ ಆದ ಮೇಲೆ ಅಬುಲ್ ವಫಾ ಎಂಬ ದೊಡ್ಡ ಗಣಿತಜ್ಞ ಗುಮಾಸ್ತರಿಗಾಗಿ ಒಂದು ಲೆಕ್ಕದ ಪುಸ್ತಕ ಬರೆದ. ಅದರಲ್ಲಿ ಒಂದೇ ಒಂದು ಅಂಕಿ ಇಲ್ಲ! ಎಲ್ಲ ಸಂಖ್ಯೆಯೂ ಮಾತಿನಲ್ಲೇ ಇದೆ. ಅವನಿಗೆ ಹಿಂದೂ ಅಂಕಿ ಗೊತ್ತಿರಲಿಲ್ಲ ಅಂತಲ್ಲ. ಅವನ ಓದುಗರಿಗೆ ಅದು ಬೇಕಿರಲಿಲ್ಲ.

ಯಾಕೆ ಬೇಕಿರಲಿಲ್ಲ? ಇಲ್ಲಿ ಒಂದು ವಿಷಯ ನಿಧಾನವಾಗಿ ನೋಡಬೇಕು. ಹಿಂದೂ ಲೆಕ್ಕ ಅಲ್ಲಿಗೆ ಹೋದದ್ದು ಕಾಗದದ ಲೆಕ್ಕವಾಗಿ ಅಲ್ಲ, ದೂಳಿನ ಲೆಕ್ಕವಾಗಿ. ಹಲಗೆಯ ಮೇಲೆ ಸಣ್ಣ ದೂಳು ಹರಡಿ, ಬೆರಳಿನಲ್ಲೋ ಕಡ್ಡಿಯಲ್ಲೋ ಅಂಕಿ ಗೀಚಿ, ಅಳಿಸಿ, ಮತ್ತೆ ಗೀಚೋದು. ನಮ್ಮಲ್ಲೂ ಇದಕ್ಕೆ ದೂಳೀಕರ್ಮ ಅಂತಲೇ ಹೆಸರಿತ್ತು. ಹಳೇ ಮಠದ ಶಾಲೆಗಳಲ್ಲಿ ಮರಳ ಮೇಲೆ ಅಕ್ಷರ ತಿದ್ದಿದ ಹಾಗೆಯೇ ಅಂದುಕೊಳ್ಳಿ. ಈ ಲೆಕ್ಕದ ವಿಧಾನವೇ ಅಳಿಸುವುದರ ಮೇಲೆ ನಿಂತಿತ್ತು.

ಕ್ಲಾಸಿನಲ್ಲಿ ಮಾಡಿ ತೋರಿಸಬಹುದಾದಷ್ಟು ಚಿಕ್ಕ ಉದಾಹರಣೆ ಕೊಡುತ್ತೇನೆ. 32ನ್ನು 14ರಿಂದ ಗುಣಿಸಬೇಕು. 32ನ್ನು ಮೇಲೆ ಬರೆಯಿರಿ. 14ನ್ನು ಅದರ ಕೆಳಗೆ ಬರೆಯಿರಿ, ಆದರೆ ಒಂದು ಸ್ಥಾನ ಎಡಕ್ಕೆ ಸರಿಸಿ. 4 ಸರಿಯಾಗಿ 3ರ ಕೆಳಗೆ ಬರಬೇಕು. ಈಗ ಮೇಲಿನ 3ನ್ನು ಕೆಳಗಿನ 1ರಿಂದ ಗುಣಿಸಿದರೆ 3. ಅದನ್ನು 1ರ ನೇರ ಮೇಲೆ ಬರೆಯಿರಿ. ಆಮೇಲೆ ಅದೇ ಮೂಲದ 3ನ್ನು 4ರಿಂದ ಗುಣಿಸಿದರೆ 12. ಆ 3ರ ಕೆಲಸ ಮುಗಿಯಿತು, ಅದನ್ನು ಅಳಿಸಿ ಅಲ್ಲಿ 2 ಬರೆಯಿರಿ. ಉಳಿದ ದಶಕವನ್ನು ಎಡಗಡೆಯ 3ಕ್ಕೆ ಸೇರಿಸಿ, ಅದನ್ನೂ ಅಳಿಸಿ 4 ಮಾಡಿ. ಮೇಲಿನ ಸಾಲು ಈಗ 422. ಇನ್ನು 14ನ್ನು ಅಳಿಸಿ ಒಂದು ಸ್ಥಾನ ಬಲಕ್ಕೆ ಬರೆಯಿರಿ. ಈಗ ಕೊನೆಯ 2ರ ಸರದಿ. 2ನ್ನು 1ರಿಂದ ಗುಣಿಸಿದರೆ 2. ಅದು ನಡುವಿನ 2ಕ್ಕೆ ಸೇರಿ 4. 2ನ್ನು 4ರಿಂದ ಗುಣಿಸಿದರೆ 8. ಕೊನೆಯ 2ನ್ನು ಅಳಿಸಿ ಅಲ್ಲಿ 8. ಮೇಲಿನ ಸಾಲು 448. ಗುಣಿಸಬೇಕಿದ್ದ 32 ಮಾಯವಾಗಿ, ಅದೇ ಜಾಗದಲ್ಲಿ ಉತ್ತರ ಕೂತಿದೆ. ಸುಮಾರು 1000ನೇ ಇಸವಿಯಲ್ಲಿ ಪರ್ಷಿಯಾದ ಕೂಶ್ಯಾರ್ ಇಬ್ನ್ ಲಬ್ಬಾನ್ ತನ್ನ ಪಠ್ಯದಲ್ಲಿ 325ನ್ನು 243ರಿಂದ ಗುಣಿಸುವುದನ್ನು ಹೀಗೇ ಹೆಜ್ಜೆ ಹೆಜ್ಜೆಯಾಗಿ ಕಲಿಸುತ್ತಾನೆ. ಉತ್ತರ 78975, ಬೇಕಾದರೆ ಮಕ್ಕಳ ಕೈಲಿ ಮಾಡಿಸಿ ನೋಡಿ.

ಜಾಗ ಕಡಿಮೆ ಸಾಕು, ವೇಗವೂ ಚೆನ್ನಾಗಿದೆ. ಆದರೆ ತಪ್ಪಾದರೆ? ಎಲ್ಲಿ ತಪ್ಪಿತು ಅಂತ ಹಿಂದಕ್ಕೆ ಹೋಗಿ ನೋಡಲು ಏನೂ ಉಳಿದಿರೋದಿಲ್ಲ. ಅದಕ್ಕೇ ಈ ಪುಸ್ತಕಗಳಲ್ಲೆಲ್ಲ ಒಂಬತ್ತು ಕಳೆಯುವ ಪರೀಕ್ಷೆಗೆ ಅಷ್ಟು ಒತ್ತು. 32ರ ಅಂಕಿಗಳನ್ನು ಕೂಡಿದರೆ 5, 14ರದ್ದೂ 5. ಐದೈದಲೆ 25, ಅದರ ಅಂಕಿ ಕೂಡಿದರೆ 7. ಉತ್ತರ 448ರ ಅಂಕಿ ಕೂಡಿದರೆ 16, ಮತ್ತೆ ಕೂಡಿದರೆ 7. ತಾಳೆ ಆಯಿತು. ಆದರೆ ಈ ಪರೀಕ್ಷೆಗೂ ಒಂದು ಕುರುಡು ಇದೆ: ಯಾರಾದರೂ 448ರ ಬದಲು 484 ಬರೆದಿದ್ದರೂ ತಾಳೆ ಆಗಿಬಿಡುತ್ತಿತ್ತು. ಅಂಕಿ ಅದಲುಬದಲಾದದ್ದು ಇದರ ಕಣ್ಣಿಗೆ ಬೀಳೋದಿಲ್ಲ.

952ರ ಹೊತ್ತಿಗೆ ಡಮಾಸ್ಕಸ್ಸಿನಲ್ಲಿ ಅಲ್ ಉಕ್ಲೀದಿಸಿ ಎಂಬುವನು ಈ ಅಳಿಸುವ ಲೆಕ್ಕಕ್ಕೆ ತಿರುಗಿಬಿದ್ದ. ಅವನ ಕಾರಣಗಳು ಓದಲು ಮಜವಾಗಿವೆ. ದೂಳಿನ ಹಲಗೆ ಹಿಡಿದು ಕೂತರೆ ಮರ್ಯಾದಸ್ಥರಿಗೆ ಮುಜುಗರ ಆಗುತ್ತದೆ, ಯಾಕೆಂದರೆ ಬೀದಿಯಲ್ಲಿ ಕೂತು ಜ್ಯೋತಿಷ್ಯ ಹೇಳಿ ಹೊಟ್ಟೆ ಹೊರೆಯುವವರ ಕೈಯಲ್ಲೂ ಅದೇ ಇರುತ್ತದೆ, ನೋಡಿದವರು ಏನಂದುಕೊಂಡಾರು ಅಂತ ಅವನ ವಾದ. ಜೊತೆಗೆ ಗಟ್ಟಿ ಕಾರಣವೂ ಇತ್ತು: ಕಾಗದದಲ್ಲಿ ಮಾಡಿದರೆ ನಡುವಿನ ಹೆಜ್ಜೆ ಉಳಿಯುತ್ತದೆ, ಮತ್ತೆ ಪರಿಶೀಲಿಸಬಹುದು. ಬಾಗ್ದಾದಿನಲ್ಲಿ 8ನೇ ಶತಮಾನದ ಕೊನೆಯಿಂದಲೇ ಕಾಗದ ತಯಾರಾಗುತ್ತಿತ್ತು, ಹಾಗಾಗಿ ಅವನ ಕೈಗೆ ಅದು ಸಿಗುತ್ತಿತ್ತು. ಏನನ್ನೂ ಅಳಿಸದೆ, ಶಾಯಿಯಲ್ಲಿ ಬರೆದು ಮಾಡುವ ಹಾಗೆ ಅವನು ಹಿಂದೂ ವಿಧಾನಗಳನ್ನು ತಿದ್ದಿ ಬರೆದ. ಇವತ್ತು ನಿಮ್ಮ ಮಕ್ಕಳು ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲನ್ನೂ ಉಳಿಸಿಕೊಂಡು ಗುಣಾಕಾರ ಮಾಡುತ್ತಾರಲ್ಲ, ಅದು ಈ ಬದಲಾವಣೆ ಆದ ಮೇಲಿನ ರೀತಿ.

ಅದೇ ಪುಸ್ತಕದಲ್ಲಿ ಇನ್ನೊಂದು ಸಂಗತಿ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. 19ನ್ನು ಐದು ಸಲ ಅರ್ಧ ಮಾಡು ಅಂತ ಒಂದು ಲೆಕ್ಕ. ಎಲ್ಲರೂ ಆಗ ಒಂಬತ್ತೂವರೆ, ನಾಲ್ಕೂ ಮುಕ್ಕಾಲು ಅಂತ ಭಿನ್ನರಾಶಿಗೆ ಹೋಗುತ್ತಿದ್ದರು. ಉಕ್ಲೀದಿಸಿ ಹಾಗೆ ಮಾಡಲಿಲ್ಲ. ಯಾವ ಸ್ಥಾನದ ಒಂದನ್ನು ಅರ್ಧ ಮಾಡಿದರೂ ಅದರ ಬಲಗಡೆಯ ಸ್ಥಾನದಲ್ಲಿ ಐದು ಬರುತ್ತದೆ ಅಲ್ವಾ? ನೂರರ ಅರ್ಧ ಐದು ಹತ್ತು, ಹತ್ತರ ಅರ್ಧ ಐದು ಬಿಡಿ. ಹಾಗಾದರೆ ಬಿಡಿಸ್ಥಾನದಲ್ಲಿ ನಿಲ್ಲೋದು ಯಾಕೆ, ಮುಂದಕ್ಕೂ ಹೋಗೋಣ ಅಂದ. 19ರ ಅರ್ಧ 9.5, ಅದರ ಅರ್ಧ 4.75, ಆಮೇಲೆ 2.375, 1.1875, ಕೊನೆಗೆ 0.59375. ಬಿಡಿಸ್ಥಾನ ಯಾವುದು ಅಂತ ಗೊತ್ತಾಗಲು ಆ ಅಂಕಿಯ ತಲೆಯ ಮೇಲೆ ಒಂದು ಗೆರೆ ಹಾಕಿದ. ಆ ಗೆರೆ ಬಿಟ್ಟುಹೋದರೆ ಇಡೀ ಸಂಖ್ಯೆ ಹಾಳು. ಸ್ಥಾನಬೆಲೆ ಭಾರತದ್ದು, ಅದನ್ನು ಒಂದಕ್ಕಿಂತ ಕೆಳಗೆ ಇಳಿಸಿ ಹೀಗೆ ದಶಮಾಂಶ ಬರೆದದ್ದು, ಈಗ ನಮಗೆ ಸಿಕ್ಕಿರುವ ಪುಸ್ತಕಗಳಲ್ಲಿ ಮೊದಲು ಕಾಣೋದು ಡಮಾಸ್ಕಸ್ಸಿನ ಈ ಪಠ್ಯದಲ್ಲಿ.

ಅದು ತಕ್ಷಣ ಹರಡಿತು ಅಂದುಕೊಳ್ಳಬೇಡಿ. ಉಕ್ಲೀದಿಸಿ ಕೂಡ ಅದನ್ನು ಕೆಲವೇ ಕಡೆ ಬಳಸಿದ್ದಾನೆ. 1172ರಲ್ಲಿ ಅಲ್ ಸಮವಾಲ್ ಭಾಗಾಕಾರ, ವರ್ಗಮೂಲಗಳಲ್ಲಿ ಬೇಕಾದಷ್ಟು ಸ್ಥಾನದವರೆಗೆ ಹೋಗಲು ಇದನ್ನು ಬಳಸಿದ. ಸಮರಕಂದದ ಅಲ್ ಕಾಶಿ 1427ರಲ್ಲಿ ಮುಗಿಸಿದ ತನ್ನ ದೊಡ್ಡ ಲೆಕ್ಕದ ಪುಸ್ತಕದಲ್ಲಿ ಇದನ್ನು ಒಂದು ಪೂರ್ತಿ ವ್ಯವಸ್ಥೆಯಾಗಿ ಕಲಿಸಿದ. ಯುರೋಪಿನಲ್ಲಿ ಸ್ಟೆವಿನ್ ಇದರ ಬಗ್ಗೆ ಪುಸ್ತಿಕೆ ಅಚ್ಚು ಹಾಕಿಸಿದ್ದು 1585ರಲ್ಲಿ.

ಈಗ ನಿಮ್ಮ ಹುಡುಗಿ ಕೇಳಿದ ಅಲ್‌ಜೀಬ್ರಾ. ಖ್ವಾರಿಜ್ಮಿಯ ಈ ಪುಸ್ತಕ ತೆರೆದರೆ ಅವಳಿಗೆ ಆಶ್ಚರ್ಯ ಆಗಬಹುದು. x ಇಲ್ಲ, ಕೂಡು ಚಿಹ್ನೆ ಇಲ್ಲ, ಸಮ ಚಿಹ್ನೆಯೂ ಇಲ್ಲ. ಹಿಂದೂ ಅಂಕಿಯ ಬಗ್ಗೆ ಪುಸ್ತಕ ಬರೆದ ಮನುಷ್ಯ ಇಲ್ಲಿ ಸಂಖ್ಯೆಗಳನ್ನು ಕೂಡ ಮಾತಿನಲ್ಲೇ ಬರೆದಿದ್ದಾನೆ. ಗೊತ್ತಿಲ್ಲದ ಮೊತ್ತಕ್ಕೆ "ವಸ್ತು" ಅಥವಾ "ಬೇರು" ಅನ್ನುತ್ತಾನೆ, ಅದರ ವರ್ಗಕ್ಕೆ "ಮಾಲು", ಬರೀ ಸಂಖ್ಯೆಗೆ "ದಿರ್ಹಮ್". ಪುಸ್ತಕದ ದೊಡ್ಡ ಭಾಗ ಉಯಿಲು ಮತ್ತು ಆಸ್ತಿ ಹಂಚಿಕೆಯದ್ದು. ಇಸ್ಲಾಮಿನ ಕಾನೂನಿನಲ್ಲಿ ಯಾರಿಗೆ ಎಷ್ಟು ಪಾಲು ಅನ್ನೋದು ಖಚಿತ. ವಾರಸುದಾರರಲ್ಲದವರಿಗೆ ಉಯಿಲಿನಲ್ಲಿ ಮೂರನೇ ಒಂದು ಭಾಗದವರೆಗೆ ಕೊಡಬಹುದು. ನಡುವೆ ಸಾಲಗೀಲ ಬಂದರೆ ಲೆಕ್ಕ ಸಿಕ್ಕಾಗುತ್ತದೆ.

ಅವನ ಮೊದಲ ಉಯಿಲಿನ ಲೆಕ್ಕ ಇದು. ಒಬ್ಬ ತೀರಿಕೊಂಡ, ಇಬ್ಬರು ಗಂಡುಮಕ್ಕಳು. ಆಸ್ತಿಯ ಮೂರನೇ ಒಂದು ಭಾಗ ಹೊರಗಿನವನೊಬ್ಬನಿಗೆ ಅಂತ ಉಯಿಲು ಬರೆದಿದ್ದಾನೆ. ಕೈಯಲ್ಲಿರುವ ಹಣ 10 ದಿರ್ಹಮ್. ಇದಲ್ಲದೆ ಒಬ್ಬ ಮಗನೇ ಅಪ್ಪನಿಗೆ 10 ದಿರ್ಹಮ್ ಸಾಲ ಕೊಡಬೇಕು. ಸುಮ್ನೆ 10 ಮತ್ತು 10 ಕೂಡಿ 20, ಮೂರು ಜನಕ್ಕೆ ತಲಾ 6⅔ ಅಂತ ಹೇಳಿದರೆ ಏನಾಗುತ್ತದೆ ನೋಡಿ. ಹೊರಗಿನವನಿಗೂ ಇನ್ನೊಬ್ಬ ಮಗನಿಗೂ ಸೇರಿ 13⅓ ಬೇಕು. ಪೆಟ್ಟಿಗೆಯಲ್ಲಿರೋದು 10. ಅದಕ್ಕೆ ಖ್ವಾರಿಜ್ಮಿ, ಸಾಲಗಾರ ಮಗನ ಪಾಲು ಎಷ್ಟು ಬರುತ್ತದೋ ಅಷ್ಟು ಸಾಲವನ್ನು ಮಾತ್ರ ಆಸ್ತಿಗೆ ಸೇರಿಸುತ್ತಾನೆ. ಆ ಮೊತ್ತ ಇನ್ನೂ ಗೊತ್ತಿಲ್ಲ, ಅದೇ "ವಸ್ತು". ಆಗ ಆಸ್ತಿ ಅಂದರೆ 10 ಮತ್ತು ಒಂದು ವಸ್ತು. ಮೂರನೇ ಒಂದು ಭಾಗ ಹೊರಗಿನವನಿಗೆ ಹೋಯಿತು. ಉಳಿದದ್ದನ್ನು ಇಬ್ಬರಿಗೆ ಹಂಚಿದರೆ ಒಬ್ಬ ಮಗನಿಗೆ 3⅓ ಮತ್ತು ವಸ್ತುವಿನ ಮೂರನೇ ಒಂದು ಭಾಗ. ಇದು ಸಾಲಗಾರನ ಪಾಲು, ಅಂದರೆ ವಸ್ತುವಿಗೇ ಸಮ. ಎರಡೂ ಕಡೆಯಿಂದ ವಸ್ತುವಿನ ಮೂರನೇ ಒಂದು ಭಾಗ ತೆಗೆದರೆ, ವಸ್ತುವಿನ ಮೂರನೇ ಎರಡು ಭಾಗ 3⅓ಕ್ಕೆ ಸಮ. ವಸ್ತು 5. ಹೊರಗಿನವನಿಗೆ 5, ಇನ್ನೊಬ್ಬ ಮಗನಿಗೆ 5, ಇದ್ದ ನಗದು ಸರಿಯಾಗಿ ಮುಗಿಯಿತು. ಸಾಲಗಾರನ 5 ಅವನ ಸಾಲಕ್ಕೇ ವಜಾ.

ಎರಡು ಕಡೆ ಸಮ ಅಂತ ಇಟ್ಟು, ಎರಡೂ ಕಡೆಯಿಂದ ಒಂದೇ ಥರದ್ದನ್ನು ತೆಗೆಯುವ ಈ ಹೆಜ್ಜೆಗೆ ಮುಕಾಬಲಾ ಅಂತ ಹೆಸರು. ಇನ್ನೊಂದು ಹೆಜ್ಜೆ ಜಬ್ರ್: ಒಂದು ಕಡೆ ಏನಾದರೂ ಕಳೆದಿದ್ದರೆ, ಅದನ್ನು ಎರಡೂ ಕಡೆಗೆ ಸೇರಿಸಿ ಕೊರತೆ ತುಂಬೋದು. ಪುಸ್ತಕದ ಹೆಸರಿನಲ್ಲಿ ಎರಡೂ ಇವೆ. ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಅವನದೇ ಲೆಕ್ಕ ತಗೊಳ್ಳಿ: ಹತ್ತನ್ನು ಎರಡು ಭಾಗ ಮಾಡಿ, ಎರಡರ ವರ್ಗವನ್ನೂ ಕೂಡಿದರೆ 58 ಬರಬೇಕು. ನಮ್ಮ ಚಿಹ್ನೆಯಲ್ಲಿ ಬರೆದರೆ ಮೊದಲು 2x² + 100 − 20x = 58 ಸಿಗುತ್ತದೆ. ಜಬ್ರ್ ಮಾಡಿದರೆ 2x² + 100 = 58 + 20x. ಅರ್ಧ ಮಾಡಿದರೆ x² + 50 = 29 + 10x. ಮುಕಾಬಲಾ ಮಾಡಿದರೆ x² + 21 = 10x. ಉತ್ತರ 3 ಮತ್ತು 7.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಯಾಕೆ 10xನ್ನೂ ಆ ಕಡೆಗೆ ತಂದು ಸೊನ್ನೆಗೆ ಸಮ ಮಾಡಲಿಲ್ಲ? ಯಾಕೆಂದರೆ ಅವನ ಹತ್ತಿರ ಋಣಸಂಖ್ಯೆ ಇರಲಿಲ್ಲ. ಆದ್ದರಿಂದಲೇ ಅವನಿಗೆ ಒಂದು ಸಮೀಕರಣದ ಬದಲು ಆರು ನಮೂನೆ ಬೇಕಾದವು. ಯಾವ ಲೆಕ್ಕ ಬಂದರೂ ಜಬ್ರ್, ಮುಕಾಬಲಾ ಮಾಡಿ ಈ ಆರರಲ್ಲಿ ಒಂದಕ್ಕೆ ಇಳಿಸು, ಆಮೇಲೆ ಆ ನಮೂನೆಯ ನಿಯಮ ಹಚ್ಚು. ಅವನ ಪುಸ್ತಕದ ಗಟ್ಟಿತನ ಇರೋದು ಇಲ್ಲಿ. ಒಂದೊಂದು ಲೆಕ್ಕಕ್ಕೆ ಒಂದೊಂದು ಉಪಾಯ ಅನ್ನೋದು ಹೋಗಿ, ಮೊದಲು ಸಮೀಕರಣಗಳನ್ನೇ ವಿಂಗಡಿಸಿ ಇಡೋದು ಬಂತು.

ಮತ್ತೆ ನಿಯಮ ಯಾಕೆ ಸರಿ ಅಂತ ಚಿತ್ರ ಬಿಡಿಸಿ ತೋರಿಸುತ್ತಾನೆ. ಅವನ ಹೆಸರಾಂತ ಲೆಕ್ಕ x² + 10x = 39. ಒಂದು ಚೌಕ ಬಿಡಿಸಿ, ಅದರ ಬದಿ xನಷ್ಟು. 10xನ್ನು ಎರಡು ಪಟ್ಟಿ ಮಾಡಿ, ಒಂದೊಂದರ ಅಗಲ 5. ಒಂದನ್ನು ಚೌಕದ ಬಲಕ್ಕೆ, ಇನ್ನೊಂದನ್ನು ಕೆಳಕ್ಕೆ ಅಂಟಿಸಿ. ಇಷ್ಟರ ವಿಸ್ತೀರ್ಣ ಒಟ್ಟು 39. ಮೂಲೆಯಲ್ಲಿ ಒಂದು ಜಾಗ ಖಾಲಿ ಉಳಿಯಿತು. ಅದು 5ಕ್ಕೆ 5ರ ಚೌಕ, 25. ಅದನ್ನು ತುಂಬಿದರೆ ದೊಡ್ಡ ಚೌಕ ಪೂರ್ತಿಯಾಗಿ 64 ಆಗುತ್ತದೆ, ಅದರ ಬದಿ 8. 8ರಲ್ಲಿ 5 ಕಳೆದರೆ 3. ರಟ್ಟು ಕತ್ತರಿಸಿ ಇದನ್ನು ಮಾಡಿಸಿದರೆ, "ವರ್ಗ ಪೂರ್ಣಗೊಳಿಸುವಿಕೆ" ಅಂತ ಪಾಠದಲ್ಲಿ ಇರೋದು ಕಣ್ಣಿಗೇ ಕಾಣುತ್ತದೆ. ಇನ್ನೊಂದು ಉತ್ತರ −13 ಈ ಚಿತ್ರದಲ್ಲಿ ಸಿಗೋದಿಲ್ಲ. ಚೌಕದ ಬದಿ ಋಣ ಆಗೋದು ಹೇಗೆ? ಅವನ ವಿಧಾನದ ಮಿತಿ ಅದೇ.

ಆ ಮಿತಿ ನಮ್ಮವರಿಗೆ ಇರಲಿಲ್ಲ ಅನ್ನೋದನ್ನೂ ಹುಡುಗಿಗೆ ಹೇಳಿ. 628ರಲ್ಲೇ ಬ್ರಹ್ಮಗುಪ್ತ ಧನ, ಋಣ, ಸೊನ್ನೆಗಳ ನಿಯಮ ಬರೆದಿದ್ದ, ವರ್ಗಸಮೀಕರಣ ಬಿಡಿಸುತ್ತಿದ್ದ. ಖ್ವಾರಿಜ್ಮಿಯ ಹೆಚ್ಚುಕಡಿಮೆ ಸಮಕಾಲೀನನಾಗಿ ನಮ್ಮ ಮಹಾವೀರಾಚಾರ್ಯ, ಮಾನ್ಯಖೇಟದ ಅಮೋಘವರ್ಷನ ಆಶ್ರಯದಲ್ಲಿ, ಇಂದಿನ ಕಲಬುರಗಿಯ ಮಳಖೇಡ ರಾಜಧಾನಿಯಾಗಿದ್ದ ಕಾಲದಲ್ಲಿ, ಒಂದು ಪೂರ್ತಿ ಗಣಿತ ಪಠ್ಯ ಬರೆದ. ಋಣಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಹಾಗಾಗಿ ಅಲ್‌ಜೀಬ್ರಾ ಕಂಡುಹಿಡಿದವರು ಇವರೇ, ಅವರಲ್ಲ ಅಂತ ಒಂದು ಊರಿನ ಹೆಸರು ಬರೆಯೋದು ನನಗೆ ಸರಿ ಕಾಣೋದಿಲ್ಲ. ಬ್ರಹ್ಮಗುಪ್ತನ ಬೀಜಗಣಿತ ಸೂತ್ರದಲ್ಲಿ ಅಡಕವಾಗಿತ್ತು, ಅದರ ಶಕ್ತಿ ಜಾಸ್ತಿ. ಗುರು ಬಿಡಿಸಿ ಹೇಳದಿದ್ದರೆ ಅರ್ಥ ಆಗೋದು ಕಷ್ಟ. ಖ್ವಾರಿಜ್ಮಿಯದು ಅಷ್ಟು ದೂರ ಹೋಗೋದಿಲ್ಲ, ಆದರೆ ಓದಿಕೊಂಡೇ ಕಲಿಯಬಹುದು. ಯುರೋಪಿಗೆ ಸಾಗಿದ್ದು ಆ ಎರಡನೆಯದು.

ಸಾಗಿದ ಬಗೆ ನೋಡಿ. 12ನೇ ಶತಮಾನದ ಸ್ಪೇನಿನಲ್ಲಿ ಅರಬ್ಬಿ ಪುಸ್ತಕಗಳು ಸಿಗುತ್ತಿದ್ದವು, ಲ್ಯಾಟಿನ್ ಓದುವವರು ಅದಕ್ಕಾಗಿಯೇ ಬರುತ್ತಿದ್ದರು. 1145ರಲ್ಲಿ ಸೆಗೋವಿಯಾದಲ್ಲಿ ಚೆಸ್ಟರಿನ ರಾಬರ್ಟ್ ಅಲ್‌ಜೀಬ್ರಾವನ್ನು ಲ್ಯಾಟಿನ್ನಿಗೆ ತಂದ. ಆಮೇಲೆ ಟೊಲೆಡೊದಲ್ಲಿ ಕ್ರೆಮೋನಾದ ಜೆರಾರ್ಡ್ ಇನ್ನೂ ಚೆನ್ನಾಗಿ ಮಾಡಿದ. ಇಬ್ಬರೂ ಉಯಿಲಿನ ಭಾಗ ಬಿಟ್ಟುಬಿಟ್ಟರು. ಅಲ್ಲಿಯ ಕ್ರೈಸ್ತರಿಗೆ ಇಸ್ಲಾಮಿನ ಆಸ್ತಿ ಹಂಚಿಕೆಯಿಂದ ಏನಾಗಬೇಕು? ಹಾಗೆ, ಯಾವ ಕೆಲಸಕ್ಕಾಗಿ ಪುಸ್ತಕ ಹುಟ್ಟಿತೋ ಆ ಕೆಲಸ ಹಿಂದೆ ಉಳಿದು, ಆರು ನಮೂನೆಯೂ ಚೌಕದ ಚಿತ್ರಗಳೂ ಮುಂದೆ ಹೋದವು.

ಅಂಕಿಯ ಪುಸ್ತಕದ ಗತಿ ಇನ್ನೂ ವಿಚಿತ್ರ. ಖ್ವಾರಿಜ್ಮಿ ಬರೆದ ಅರಬ್ಬಿ ಮೂಲ ಈಗ ಎಲ್ಲೂ ಇಲ್ಲ. ಲ್ಯಾಟಿನ್ ರೂಪಗಳು ಮಾತ್ರ ಉಳಿದಿವೆ. ಕೇಂಬ್ರಿಜ್‌ನಲ್ಲಿರುವ ಹಸ್ತಪ್ರತಿಯಲ್ಲಿ ನಕಲು ಮಾಡಿದವನು ಸಂಖ್ಯೆಗಳನ್ನು ರೋಮನ್ ರೀತಿಯಲ್ಲಿ ಬರೆದು, ಹೊಸ ಅಂಕಿ ಬರಬೇಕಾದ ಕಡೆ ಜಾಗ ಖಾಲಿ ಬಿಟ್ಟಿದ್ದಾನೆ. ಆಮೇಲೆ ತುಂಬೋಣ ಅಂತ ಇರಬೇಕು. ಎಷ್ಟೋ ಕಡೆ ತುಂಬಲೇ ಇಲ್ಲ. ಅಂಕಿ ಕಲಿಸುವ ಪುಸ್ತಕದಲ್ಲೇ ಅಂಕಿ ಇಲ್ಲ!

ಅಂಕಿ ನಿಜವಾಗಿ ನೆಲೆಯೂರಿದ್ದು ವ್ಯಾಪಾರಿಗಳ ನಡುವೆ. ಪೀಸಾದ ಲಿಯೊನಾರ್ಡೊ, ಫಿಬೊನಾಚಿ ಅಂತ ನಮಗೆ ಗೊತ್ತಿರುವವನು, ಹುಡುಗನಾಗಿದ್ದಾಗ ಅಪ್ಪನ ಜೊತೆ ಉತ್ತರ ಆಫ್ರಿಕಾದ ಬುಜಿಯಾ ಬಂದರಿನಲ್ಲಿದ್ದ. ಅದು ಈಗಿನ ಅಲ್ಜೀರಿಯಾದ ಬಿಜಾಯಾ. ಅಪ್ಪ ಅಲ್ಲಿ ಪೀಸಾದ ವ್ಯಾಪಾರಿಗಳ ಪರವಾಗಿ ಸುಂಕದ ಕಟ್ಟೆಯಲ್ಲಿ ಕೆಲಸದಲ್ಲಿದ್ದ. ಹಿಂದೂ ಅಂಕಿ ಕಲಿತದ್ದು ಅಲ್ಲೇ. 1202ರಲ್ಲಿ ಅವನು ಬರೆದ ದಪ್ಪ ಪುಸ್ತಕ ಶುರುವಾಗೋದೇ ಒಂಬತ್ತು ಅಂಕಿಗಳಿಂದ, ಆದರೆ ಅವನು ಅವುಗಳನ್ನು 9 8 7 6 5 4 3 2 1 ಅಂತ ಬರೆಯುತ್ತಾನೆ. ಬಲದಿಂದ ಎಡಕ್ಕೆ ಓದಿ, ಕ್ರಮ ಸರಿಹೋಗುತ್ತದೆ. ಅವನ ಗುರುಗಳ ಅರಬ್ಬಿ ಬರವಣಿಗೆಯ ದಿಕ್ಕು ಹಾಗೇ ಉಳಿದುಕೊಂಡಿದೆ. ಪುಸ್ತಕದ ತುಂಬ ಮೆಣಸಿನ ಬೆಲೆ, ನಾಣ್ಯ ಬದಲಾವಣೆ, ಪಾಲುದಾರಿಕೆಯ ಲೆಕ್ಕ. ಕೊನೆಯ ಅಧ್ಯಾಯದಲ್ಲಿ ಅಲ್‌ಜೀಬ್ರಾ, ಅಲ್ಲಿ ಮತ್ತೆ ಅದೇ x² + 10x = 39. ನಡುವೆ ಈಜಿಪ್ಟಿನ ಅಬು ಕಾಮಿಲ್ ಈ ಲೆಕ್ಕವನ್ನು ಬಳಸಿದ್ದ, ಉಮರ್ ಖಯ್ಯಾಮ್ ಬಳಸಿದ್ದ. ಒಬ್ಬರ ಪಠ್ಯದಿಂದ ಇನ್ನೊಬ್ಬರು ಕಲಿತರು ಅನ್ನೋದಕ್ಕೆ ಇಂಥ ಉದಾಹರಣೆಗಳೇ ಹೆಜ್ಜೆಗುರುತು. ಒಂದು ಪಠ್ಯದಲ್ಲಿ 39 ಕಂಡರೆ ಖ್ವಾರಿಜ್ಮಿಯ ಕಡೆಗೆ ಕೈ ತೋರಿಸಬಹುದು.

ಹಾಗಂತ ಇಡೀ ಇಟಲಿ ಫಿಬೊನಾಚಿಯೊಬ್ಬನಿಂದ ಕಲಿಯಿತು ಅಂತ ಹಳೇ ಪುಸ್ತಕಗಳು ಹೇಳೋದನ್ನು ನಂಬಬೇಕಿಲ್ಲ. ಅವನ ಪುಸ್ತಕ ಲ್ಯಾಟಿನ್ನಿನಲ್ಲಿತ್ತು, ತೂಕವೂ ಜಾಸ್ತಿ. ವ್ಯಾಪಾರಿಗಳ ಮಕ್ಕಳು ಹೋಗುತ್ತಿದ್ದ ಲೆಕ್ಕದ ಶಾಲೆಗಳಲ್ಲಿ ಆಡುಮಾತಿನ ಚಿಕ್ಕ ಪಠ್ಯಗಳು ನಡೆಯುತ್ತಿದ್ದವು. ವಿಶ್ವವಿದ್ಯಾಲಯಗಳಲ್ಲಿ ಸ್ಯಾಕ್ರೊಬೋಸ್ಕೊನ ಪುಟ್ಟ ಪಠ್ಯ ಶತಮಾನಗಟ್ಟಲೆ ಓಡಿತು.

ವಿರೋಧವೂ ಇತ್ತು. 1299ರಲ್ಲಿ ಫ್ಲಾರೆನ್ಸಿನ ಹಣ ವಿನಿಮಯದವರ ಸಂಘ, ಲೆಕ್ಕದ ಪುಸ್ತಕದಲ್ಲಿ ಮೊತ್ತವನ್ನು ಹೊಸ ಅಂಕಿಯಲ್ಲಿ ಬರೆಯಬಾರದು, ಅಕ್ಷರದಲ್ಲೇ ಬರೆಯಬೇಕು ಅಂತ ನಿಯಮ ಮಾಡಿತು. ಇದನ್ನು ಕೇವಲ ಮೂಢತನ ಅಂತ ನಗಬೇಡಿ. 0ಗೆ ಒಂದು ಬಾಲ ಎಳೆದರೆ 6 ಅಥವಾ 9, ಕೊನೆಯಲ್ಲಿ ಒಂದು ಸೊನ್ನೆ ಸೇರಿಸಿದರೆ ಹತ್ತು ಪಟ್ಟು. ಇವತ್ತಿಗೂ ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲೂ ಬರೀತೀವಲ್ಲ, ಭಯ ಅದೇ.

ಇನ್ನು ವಾಪಸ್ ನಮ್ಮ ಕಡೆ ಬಂತಾ ಅನ್ನೋ ಪ್ರಶ್ನೆ. ಬಂತು, ಅದೂ ಪಠ್ಯಪುಸ್ತಕವಾಗಿಯೇ. ಇರಾನಿನ ಇಸ್ಫಹಾನಿನಲ್ಲಿದ್ದ ಬಹಾವುದ್ದೀನ್ ಅಲ್ ಆಮಿಲಿ (1547–1621) ಬರೆದ ಖುಲಾಸತ್ ಅಲ್ ಹಿಸಾಬ್ ಅನ್ನೋ ಸಂಕ್ಷಿಪ್ತ ಗಣಿತ ಪಠ್ಯ ಭಾರತದ ಮದ್ರಸಾಗಳಲ್ಲಿ ತುಂಬ ಓದಿಸಲ್ಪಟ್ಟಿತು. ಹಿಂದೂ ಅಂಕಿಯ ಲೆಕ್ಕ, ಅಳತೆ, ಆರು ನಮೂನೆಯ ಅಲ್‌ಜೀಬ್ರಾ ಎಲ್ಲವೂ ಅದರಲ್ಲಿವೆ. ಕೊನೆಗೆ ಯಾರಿಗೂ ಬಿಡಿಸಲು ಆಗಿಲ್ಲದ ಏಳು ಲೆಕ್ಕ ಕೊಟ್ಟಿದ್ದಾನೆ. ಒಂದು ಘನವನ್ನು ಎರಡು ಘನಗಳಾಗಿ ಒಡೆಯೋದು ಅವುಗಳಲ್ಲಿ ಒಂದು. 1812ರಲ್ಲಿ ಕಲ್ಕತ್ತಾದಲ್ಲಿ ಆ ಪುಸ್ತಕ ಅಚ್ಚೂ ಆಯಿತು.

ಅದೇ ಕಾಲದಲ್ಲಿ ಎದುರು ದಿಕ್ಕಿನ ಸಾಗಾಟವೂ ನಡೀತಿತ್ತು. 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಭಾಸ್ಕರಾಚಾರ್ಯರ ಲೀಲಾವತಿಯನ್ನು ಪಾರ್ಸಿಗೆ ತಂದ. ಶಹಜಹಾನನ ಕಾಲದಲ್ಲಿ, 1634–35ರಲ್ಲಿ, ಅತಾಉಲ್ಲಾ ರುಶ್ದಿ ಅವರದೇ ಬೀಜಗಣಿತವನ್ನು ತಂದ. ಬ್ರಿಟಿಷರಿಗೆ ಭಾಸ್ಕರರ ಬೀಜಗಣಿತ ಮೊದಲು ಇಂಗ್ಲಿಷಿನಲ್ಲಿ ಸಿಕ್ಕಿದ್ದು 1813ರಲ್ಲಿ, ಎಡ್ವರ್ಡ್ ಸ್ಟ್ರೇಚಿಯಿಂದ. ಅವನು ಅನುವಾದ ಮಾಡಿದ್ದು ಸಂಸ್ಕೃತದಿಂದ ಅಲ್ಲ, ರುಶ್ದಿಯ ಪಾರ್ಸಿಯಿಂದ. ಸಂಸ್ಕೃತದಿಂದ ನೇರ ಮಾಡಿದ ಕೋಲ್‌ಬ್ರೂಕನ ಅನುವಾದ ಬರಲು ಇನ್ನೂ ನಾಲ್ಕು ವರ್ಷ ಹಿಡಿಯಿತು.